ಏಳನೇ ವಾರದ ಪತ್ರ

ಇಂಟರ್ನ್‌ಶಿಪ್ ಅರ್ಧಕ್ಕೆ ಬಿಡುವ ಹುಡುಗ ಹುಡುಗಿಯರ ಪತ್ರಗಳು ಈಗ ನನ್ನ ಮೇಜಿಗೆ ಬರುತ್ತವೆ. ವಸಂತನರಸಾಪುರದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನಾನು ಕೆಲಸಕ್ಕಿದ್ದೇನೆ. ಸೆಮಿಸ್ಟರ್ ನಡುವೆ, ಇಂಟರ್ನಲ್ ಟೆಸ್ಟ್ ಹತ್ತಿರ ಬಂದಾಗ, ಇಂಥ ಪತ್ರ ಒಂದೆರಡಾದರೂ ಬರುತ್ತವೆ. ಹೆಚ್ಚಿನವುಗಳಲ್ಲಿ ಕ್ಷಮೆ ಬಹಳ ಇರುತ್ತದೆ, ತಾರೀಖು ಇರುವುದಿಲ್ಲ. ಕೊನೆಯ ಸಾಲಿನಲ್ಲಿ ‘ದಯವಿಟ್ಟು ಕಂಪ್ಲೀಷನ್ ಸರ್ಟಿಫಿಕೇಟ್ ಕೊಡಿ’ ಎಂದಿರುತ್ತದೆ. ಯಾವ ಅವಧಿಗೆ, ಎಷ್ಟು ಗಂಟೆಗೆ, ಯಾವ ಕೆಲಸಕ್ಕೆ ಎಂಬುದನ್ನು ನಾನೇ ಹುಡುಕಿಕೊಳ್ಳಬೇಕು. ಸರ್ಟಿಫಿಕೇಟ್ ತಡವಾಗುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಕೊಡಲು ಮನಸ್ಸಿಲ್ಲವೆಂದಲ್ಲ, ಏನು ಬರೆದು ಸಹಿ ಹಾಕಬೇಕೆಂದು ತಿಳಿಯದೆ ಕಾಗದ ಟ್ರೇಯಲ್ಲೇ ಉಳಿಯುತ್ತದೆ.

ಇಂಥದೇ ಒಂದು ಪತ್ರವನ್ನು 2022ರಲ್ಲಿ ನಾನೂ ಬರೆದಿದ್ದೆ, ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ಮಷೀನ್ ಶಾಪ್‌ನಲ್ಲಿ ಕುಳಿತು. ಅದನ್ನು ಹೇಗೆ ಬರೆದೆ, ಒಂದೊಂದು ಸಾಲೂ ಏಕೆ ಅಲ್ಲಿತ್ತು ಎನ್ನುವುದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಮನೆ ಗುಬ್ಬಿ ಕಡೆ. ಮೆಕ್ಯಾನಿಕಲ್ ಓದುತ್ತಿದ್ದೆ. ರಜೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ ಶಾಪ್ ಫ್ಲೋರ್ ನೋಡೋಣವೆಂದು ಕೇಳಿಕೊಂಡು ಹೋದಾಗ ಆ ಮಷೀನ್ ಶಾಪ್‌ನವರು ಹನ್ನೆರಡು ವಾರ ಬರಲು ಹೇಳಿದರು. ಸ್ಟೈಪೆಂಡ್ ಇಲ್ಲ ಎಂದು ಮೊದಲ ದಿನವೇ ತಿಳಿಸಿದ್ದರು. ಗುಬ್ಬಿಯಿಂದ ತುಮಕೂರಿಗೆ ಬಸ್ಸು, ಅಲ್ಲಿಂದ ಮತ್ತೆ ಆಟೊ ಅಥವಾ ಸಿಟಿ ಬಸ್ಸು. ಖರ್ಚು ಮನೆಯದೇ. ಮಧ್ಯಾಹ್ನದ ಊಟ ಮಾತ್ರ ಅವರ ಕ್ಯಾಂಟೀನಿನಲ್ಲಿ.

ಸಂಬಳವಿಲ್ಲದ ಈ ವ್ಯವಸ್ಥೆ ಕಾನೂನಿನ ದೃಷ್ಟಿಯಲ್ಲಿ ಏನು ಎಂಬುದು ಪತ್ರ ಬರೆಯುವವರಿಗೆ ಗೊತ್ತಿರಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಅಪ್ರೆಂಟಿಸ್ ಆಗಿ ಸೇರಿದವರಿಗೆ ಲಿಖಿತ ಒಪ್ಪಂದ ಇರುತ್ತದೆ, ಅದು ನೋಂದಣಿಯಾಗುತ್ತದೆ, ಸ್ಟೈಪೆಂಡ್ ಕೊಡಲೇಬೇಕು. ಕಾಲೇಜಿನ ಪತ್ರ ಹಿಡಿದು ಬರುವ ಇಂಟರ್ನ್ ಆ ಸಾಲಿಗೆ ಸೇರುವುದಿಲ್ಲ. ನನ್ನ ಕೈಯಲ್ಲಿದ್ದದ್ದು ಕಂಪನಿ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಅನುಮತಿ ಪತ್ರ, ಅಷ್ಟೇ. ಅದರಲ್ಲಿ ಇಂತಿಷ್ಟು ದಿನ ಮೊದಲೇ ತಿಳಿಸಬೇಕು ಎನ್ನುವ ನೋಟಿಸಿನ ಮಾತಿರಲಿಲ್ಲ, ಬಾಂಡ್ ಇರಲಿಲ್ಲ. ನಾನು ನಾಳೆಯಿಂದ ಬರುವುದಿಲ್ಲ ಎಂದರೂ ಯಾರೂ ಏನೂ ಮಾಡುವಂತಿರಲಿಲ್ಲ. ಅದೇ ರೀತಿ ಸರ್ಟಿಫಿಕೇಟ್ ಕೊಡುವುದಿಲ್ಲ ಎಂದು ಅವರು ಹೇಳಿದ್ದರೆ ನಾನೂ ಏನೂ ಮಾಡುವಂತಿರಲಿಲ್ಲ. ಕಾಗದ ನಮ್ಮಿಬ್ಬರನ್ನೂ ಕಟ್ಟಿಹಾಕಿರಲಿಲ್ಲ. ಹಾಗಿರುವಲ್ಲಿ ಬಿಡುವ ಪತ್ರಕ್ಕೆ ತೂಕ ಹೆಚ್ಚು.

ನನ್ನನ್ನು ನೋಡಿಕೊಳ್ಳಲು ಹಾಕಿದ್ದು ಕ್ವಾಲಿಟಿ ಇನ್‌ಚಾರ್ಜ್ ಆಗಿದ್ದ ಸರ್ ಒಬ್ಬರನ್ನು. ಅಲ್ಲಿ ಸಿಎನ್‌ಸಿ ಲೇತಿನಲ್ಲಿ ಒಂದು ಉಕ್ಕಿನ ಬುಷ್ ತಯಾರಾಗುತ್ತಿತ್ತು. ಅದರ ಬೋರ್ 25 ಎಚ್7. ಎಂದರೆ ಒಳವ್ಯಾಸ 25.000 ಮಿಲಿಮೀಟರಿಗಿಂತ ಕಡಿಮೆ ಆಗಬಾರದು, 25.021 ದಾಟಬಾರದು. ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಇರುವುದು 21 ಮೈಕ್ರಾನ್ ಮಾತ್ರ. ಮಷೀನಿನಿಂದ ಬಿಸಿಬಿಸಿಯಾಗಿ ಬಂದ ಪೀಸಿಗೆ ಬೋರ್ ಗೇಜ್ ಹಾಕಲು ಹೋದಾಗ ಸರ್ ಕೈ ತಡೆದು, ಅದನ್ನು ಮಾಸ್ಟರ್ ರಿಂಗಿನ ಪಕ್ಕದಲ್ಲೇ ಸರ್ಫೇಸ್ ಪ್ಲೇಟಿನ ಮೇಲೆ ಇಡಿಸಿದರು. ಪೀಸು ರಿಂಗಿಗಿಂತ ಹತ್ತು ಡಿಗ್ರಿ ಬಿಸಿಯಿದ್ದರೆ 25 ಮಿಲಿಮೀಟರಿನ ಬೋರ್ ಸುಮಾರು ಮೂರು ಮೈಕ್ರಾನ್ ದೊಡ್ಡದಾಗಿ ತೋರುತ್ತದೆ. 21ರಲ್ಲಿ ಮೂರು ಹೋದರೆ ಏನುಳಿಯಿತು ಎಂದು ಅವರು ನನ್ನಿಂದಲೇ ಲೆಕ್ಕ ಹಾಕಿಸಿದರು. ಗೇಜನ್ನು ಬೋರಿನೊಳಗೆ ಮೆಲ್ಲಗೆ ಓಲಾಡಿಸಿ, ಮುಳ್ಳು ಒಂದು ಕಡೆ ಹೋಗಿ ಹಿಂದಿರುಗುವ ಜಾಗವನ್ನೇ ಓದಬೇಕು ಎಂದು ಕೈ ಹಿಡಿದು ತೋರಿಸಿದ್ದೂ ಅವರೇ. ಕಾಲೇಜಿನ ಲ್ಯಾಬಿನಲ್ಲಿ ಗೇಜ್ ಹಿಡಿದಿದ್ದೆ. ಓದು ನಂಬುವಂಥದ್ದೋ ಅಲ್ಲವೋ ಎಂದು ತೀರ್ಮಾನಿಸಲು ಕಲಿತದ್ದು ಆ ಟೇಬಲ್ಲಿನ ಮುಂದೆ.

ಆಮೇಲೆ ಒಂದು ಸ್ವಂತ ಕೆಲಸ ಕೊಟ್ಟರು. ಟಿಪ್ ಸವೆದಂತೆ ಬೋರ್ ಚಿಕ್ಕದಾಗುತ್ತಾ ಬರುತ್ತದೆ. ಆಪರೇಟರ್ ಆಫ್‌ಸೆಟ್ ಕೊಟ್ಟು ಸರಿಪಡಿಸುತ್ತಾನೆ. ಆದರೆ ಪ್ಲಗ್ ಗೇಜ್ ಬಿಗಿಯಾದ ಮೇಲೆಯೇ ಕೊಡುತ್ತಾನೆ, ಅಷ್ಟರಲ್ಲಿ ಒಂದೆರಡು ಪೀಸು ಹಾಳಾಗಿರುತ್ತವೆ. ಹೊಸ ಟಿಪ್ ಹಾಕಿದಲ್ಲಿಂದ ಎಷ್ಟನೇ ಪೀಸಿಗೆ ಆಫ್‌ಸೆಟ್ ಕೊಟ್ಟರೆ ಸರಿ ಎಂದು ಓದುಗಳಿಂದ ಹೇಳಬೇಕು, ಇದು ನನ್ನ ಕೆಲಸ. ಪ್ರತಿ ಹತ್ತನೇ ಪೀಸು ಅಳೆದು ಹಾಳೆಯಲ್ಲಿ ಚುಕ್ಕೆ ಹಾಕುತ್ತಿದ್ದೆ. ಆರು ಟಿಪ್‌ಗಳನ್ನು ಹೊಸದರಿಂದ ಬದಲಾಯಿಸುವವರೆಗೆ ನೋಡುವುದೆಂದು ಮಾತಾಗಿತ್ತು.

ರಜೆಯ ನಾಲ್ಕು ವಾರ ದಿನಾ ಹೋದೆ. ಅಕ್ಟೋಬರ್ 10ಕ್ಕೆ ಕಾಲೇಜು ಶುರುವಾಯಿತು. ಆಗಿನ ವೇಳಾಪಟ್ಟಿಯಲ್ಲಿ ಶುಕ್ರವಾರ ಶನಿವಾರ ತರಗತಿ ಇರಲಿಲ್ಲ, ಆ ಎರಡು ದಿನ ಸತ್ಯಮಂಗಲಕ್ಕೆ ಬರುತ್ತೇನೆಂದು ಸರ್‌ಗೆ ಹೇಳಿ ಒಪ್ಪಿಸಿದ್ದೆ. ಹದಿನೈದು ದಿನದಲ್ಲಿ ವೇಳಾಪಟ್ಟಿ ಬದಲಾಯಿತು. 24ರಿಂದ ಶುಕ್ರವಾರ ಬೆಳಿಗ್ಗೆ ಒಂದು ಥಿಯರಿ ತರಗತಿ, ಮಧ್ಯಾಹ್ನ ನಮ್ಮ ಬ್ಯಾಚಿನ ಲ್ಯಾಬ್. ಮೊದಲ ಇಂಟರ್ನಲ್ ಟೆಸ್ಟು ನವೆಂಬರ್ 10, 11 ಮತ್ತು 12ಕ್ಕೆ.

ಇಂಥ ಹೊತ್ತಿನಲ್ಲಿ ‘ಓದಿಗೆ ತೊಂದರೆಯಾಗುತ್ತಿದೆ’ ಎನ್ನುವ ಮಾತು ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಎಷ್ಟು ತೊಂದರೆ, ಯಾವತ್ತಿನಿಂದ ಎಂದು ಲೆಕ್ಕ ಮಾಡಿದರೆ ಕೊನೆಯ ದಿನ ತಾನಾಗಿ ಗೊತ್ತಾಗುತ್ತದೆ. ನಾನು ಮಾಡಿದ ಲೆಕ್ಕ ಹೀಗಿತ್ತು. ವಿಟಿಯು ನಿಯಮದಂತೆ ಪ್ರತಿ ವಿಷಯದಲ್ಲೂ ಶೇ. 85 ಹಾಜರಿ ಬೇಕು. ಎಲ್ಲ ವಿಷಯ ಸೇರಿಸಿ ಸರಾಸರಿ ತೆಗೆಯುವುದಿಲ್ಲ, ವಿಷಯವಾರು ನೋಡುತ್ತಾರೆ. ಮೂರು ಕ್ರೆಡಿಟ್ಟಿನ ಥಿಯರಿ ವಿಷಯಕ್ಕೆ 40 ತರಗತಿ ಎಂದಿಟ್ಟುಕೊಂಡರೆ 34ಕ್ಕೆ ಕೂತಿರಬೇಕು, ಆರು ತಪ್ಪಿಸಬಹುದು. ಒಪ್ಪಿದ್ದ ಡಿಸೆಂಬರ್ 3ರವರೆಗೆ ಶುಕ್ರವಾರಗಳು ಎಷ್ಟು ಎಂದು ಎಣಿಸಿದರೆ ಅಕ್ಟೋಬರ್ 28ರಿಂದ ಡಿಸೆಂಬರ್ 2ರವರೆಗೆ ಸರಿಯಾಗಿ ಆರು. ಥಿಯರಿ ಮಟ್ಟಿಗೆ ಹೇಗೋ ನಡೆಯುತ್ತಿತ್ತು. ಲ್ಯಾಬ್ ನಡೆಯುತ್ತಿರಲಿಲ್ಲ. ನಮಗಿದ್ದದ್ದು 14 ಲ್ಯಾಬ್. ಅದರ ಶೇ. 85 ಎಂದರೆ 12 ಬೇಕು, ಎರಡು ಮಾತ್ರ ತಪ್ಪಿಸಬಹುದು. ಲ್ಯಾಬ್ ತಪ್ಪಿದರೆ ಹಾಜರಿಯ ಜೊತೆಗೆ ಆ ಪ್ರಯೋಗದ ರೆಕಾರ್ಡಿನ ಅಂಕವೂ ಹೋಗುತ್ತದೆ.

ಆ ಎರಡು ಯಾವುವು? ಅಕ್ಟೋಬರ್ 28 ಮತ್ತು ನವೆಂಬರ್ 4. ಅಲ್ಲಿಗೆ ನನ್ನ ಕೊನೆಯ ವಾರ ನಿರ್ಧಾರವಾಯಿತು. 28ರಂದೇ ನಿಲ್ಲಿಸಿ ಒಂದು ಲ್ಯಾಬನ್ನು ಜ್ವರ ಗಿರಕ್ಕೆಂದು ಉಳಿಸಿಕೊಳ್ಳಬಹುದಿತ್ತು. ಆದರೆ ಟಿಪ್ಪಿನ ಹಾಳೆಗಳನ್ನು ಇನ್ನೊಬ್ಬರ ಕೈಗೆ ದಾಟಿಸಲು ಒಂದು ವಾರವಾದರೂ ಬೇಕಿತ್ತು. ಹಾಗಾಗಿ ನವೆಂಬರ್ 5, ಶನಿವಾರ, ಕೊನೆಯ ದಿನ.

ಪತ್ರ ಕೊಡುವ ಮೊದಲು ಮಾತಾಡಬೇಕು. ಇದನ್ನು ಒತ್ತಿ ಹೇಳುತ್ತೇನೆ. ಮೆಂಟರ್‌ಗೆ ವಿಷಯ ಮೊದಲು ತಿಳಿಯುವುದು ಎಚ್‌ಆರ್‌ನಿಂದ ಆಗಬಾರದು, ವಾಟ್ಸ್‌ಆ್ಯಪ್‌ನಿಂದಲೂ ಆಗಬಾರದು. ಶುಕ್ರವಾರ ಸಂಜೆ, ಸೆಕೆಂಡ್ ಶಿಫ್ಟಿನವರಿಗೆ ಚಾರ್ಜ್ ಕೊಟ್ಟು ಸರ್ ಬಿಡುವಾದಾಗ ಹೋಗಿ ಹೇಳಿದೆ. ವೇಳಾಪಟ್ಟಿಯ ಫೋಟೊ ತೋರಿಸಿದೆ, ಲೆಕ್ಕ ಬರೆದ ಚೀಟಿ ತೋರಿಸಿದೆ.

“ಶನಿವಾರ ಒಂದಿನ ಬಂದ್ರೆ ಆಗಲ್ವೇನಮ್ಮ?” ಎಂದು ಕೇಳಿದರು.

ಅದನ್ನೂ ಯೋಚಿಸಿದ್ದೆ. “ಸರ್, ಟಿಪ್ ಹಾಕಿದ್ದರಿಂದ ತೆಗೆಯೋವರೆಗೂ ಅಲ್ಲೇ ನಿಂತು ನೋಡಬೇಕು. ಶನಿವಾರ ಮಾತ್ರ ಬಂದ್ರೆ ಅರ್ಧ ಟಿಪ್ಪಿನ ಓದು ಸಿಗತ್ತೆ, ಉಳಿದರ್ಧ ಇನ್ನೊಬ್ಬರ ಕೈಲಿ ಅಳೆದಿರತ್ತೆ. 12ನೇ ತಾರೀಖು ಶನಿವಾರವೇ ಟೆಸ್ಟು. ಬರ್ತೀನಿ ಅಂತ ಒಪ್ಕೊಂಡು ಮಧ್ಯೆ ಮಧ್ಯೆ ತಪ್ಪಿಸೋದು ಬೇಡ ಸರ್” ಎಂದೆ.

ಅವರು ಚೀಟಿ ನೋಡಿ, “ಸರಿ, ಓದು ಮುಖ್ಯ. ಬರೆದು ಕೊಡು, ಎಂಡಿ ಸರ್‌ಗೆ ನಾನು ಹೇಳ್ತೀನಿ. ಹಾಳೆ ಯಾರಿಗೆ ಕೊಡ್ತೀಯ ಅದನ್ನೂ ಬರಿ” ಎಂದರು. ಆ ಕೊನೆಯ ಮಾತಿನಿಂದ ಪತ್ರಕ್ಕೆ ಒಂದು ಪ್ಯಾರಾ ಸೇರಿತು. ಮರುದಿನ ಕೊಟ್ಟ ಪತ್ರ ಇದು. ಕಂಪನಿಯ ಹೆಸರು, ನನ್ನ ಹೆಸರು ಬಿಟ್ಟಿದ್ದೇನೆ.

*

ದಿನಾಂಕ: 29-10-2022
ಸತ್ಯಮಂಗಲ, ತುಮಕೂರು

ಇವರಿಗೆ,
ಕ್ವಾಲಿಟಿ ಇನ್‌ಚಾರ್ಜ್ ಅವರು

ವಿಷಯ: ದಿನಾಂಕ 05-11-2022ಕ್ಕೆ ಇಂಟರ್ನ್‌ಶಿಪ್ ಮುಗಿಸಲು ಅನುಮತಿ ಮತ್ತು ಪ್ರಮಾಣಪತ್ರಕ್ಕಾಗಿ ಕೋರಿಕೆ.

ಮಾನ್ಯರೇ,

12-09-2022ರಿಂದ ತಮ್ಮ ವಿಭಾಗದಲ್ಲಿ ಇಂಟರ್ನ್ ಆಗಿರುವ ನಾನು, ಮೊದಲು ಒಪ್ಪಿದ್ದ 03-12-2022ರ ಬದಲು 05-11-2022ರ ಶನಿವಾರಕ್ಕೆ ಇಂಟರ್ನ್‌ಶಿಪ್ ಮುಗಿಸಬೇಕಾಗಿದೆ. ಕಾಲೇಜಿನ ವೇಳಾಪಟ್ಟಿ ಅಕ್ಟೋಬರ್ 24ರಿಂದ ಬದಲಾಗಿ ಶುಕ್ರವಾರ ಲ್ಯಾಬ್ ಬಂದಿದೆ. ನವೆಂಬರ್ 4ರ ನಂತರ ಒಂದು ಲ್ಯಾಬ್ ತಪ್ಪಿದರೂ ಹಾಜರಿ ಶೇ. 85ಕ್ಕಿಂತ ಕಡಿಮೆಯಾಗುತ್ತದೆ. ನವೆಂಬರ್ 10ರಿಂದ 12ರವರೆಗೆ ಮೊದಲ ಇಂಟರ್ನಲ್ ಟೆಸ್ಟ್ ಇದೆ. ಹೊಸ ವೇಳಾಪಟ್ಟಿಯ ಪ್ರತಿ ಲಗತ್ತಿಸಿದ್ದೇನೆ.

ಬುಷ್ ಬೋರಿನ ಟಿಪ್ ಸವೆತದ ಅಧ್ಯಯನದಲ್ಲಿ ಆರು ಟಿಪ್‌ಗಳ ಪೈಕಿ ನಾಲ್ಕು ಪೂರ್ತಿಯಾಗಿವೆ. ಐದನೆಯದನ್ನು ನವೆಂಬರ್ 4 ಮತ್ತು 5ರಂದು ಮುಗಿಸುತ್ತೇನೆ. ಆರನೆಯದು ಬಾಕಿ ಉಳಿಯುತ್ತದೆ. ಹಾಳೆಗಳನ್ನು, ಅಳೆಯುವ ಕ್ರಮವನ್ನು ಬರೆದಿಟ್ಟು ಇನ್‌ಸ್ಪೆಕ್ಷನ್ ಟೇಬಲ್ಲಿನ ಟ್ರೈನಿಗೆ 5ರಂದು ತೋರಿಸಿಕೊಡುತ್ತೇನೆ. ನನ್ನ ಹೆಸರಿಗೆ ಪಡೆದ ಬೋರ್ ಗೇಜ್, ವರ್ನಿಯರ್ ಮತ್ತು ಗುರುತಿನ ಚೀಟಿಯನ್ನು ಅಂದೇ ಒಪ್ಪಿಸುತ್ತೇನೆ.

ಪೀಸು ತಣಿಯುವವರೆಗೆ ಅಳೆಯಬಾರದು, ಅಳೆಯುವ ಮೊದಲು ಮಾಸ್ಟರ್ ರಿಂಗಿಗೆ ಸೊನ್ನೆ ಮಾಡಿಕೊಳ್ಳಬೇಕು, ಅನುಮಾನ ಬಂದ ಓದನ್ನು ಹೊಡೆದು ಹಾಕದೆ ಪಕ್ಕದಲ್ಲಿ ಕಾರಣ ಬರೆಯಬೇಕು, ಇವನ್ನು ತಾವು ಕಲಿಸಿದಿರಿ. ತಮ್ಮ ಕೆಲಸ ನಿಲ್ಲಿಸಿ ನನಗೆ ಕೈ ಹಿಡಿದು ತೋರಿಸಿದ ಹೊತ್ತಿಗೆ ನಾನು ಋಣಿ.

12-09-2022ರಿಂದ 05-11-2022ರವರೆಗೆ ನನ್ನ ಕೆಲಸದ ಒಟ್ಟು ಅವಧಿ 240 ಗಂಟೆಯಾಗುತ್ತದೆ. ಈ ಅವಧಿಗೆ ಮತ್ತು ಮಾಡಿದ ಕೆಲಸಕ್ಕೆ ಇಂಟರ್ನ್‌ಶಿಪ್ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇನೆ. ಹಾಜರಿ ಹಾಳೆಯನ್ನೂ ಪ್ರಮಾಣಪತ್ರಕ್ಕೆ ಬೇಕಾದ ವಿವರಗಳ ಒಂದು ಹಾಳೆಯನ್ನೂ ಜೊತೆಗಿಟ್ಟಿದ್ದೇನೆ.

ವಂದನೆಗಳೊಂದಿಗೆ,
(ಸಹಿ)

ಪ್ರತಿ: ಎಚ್‌ಆರ್ ವಿಭಾಗ, ಕಾಲೇಜಿನ ಇಂಟರ್ನ್‌ಶಿಪ್ ಗೈಡ್

*

ಈ ಪತ್ರದಲ್ಲಿ ಕೃತಜ್ಞತೆ ಮೂರನೆಯ ಜಾಗದಲ್ಲಿದೆ. ಮೊದಲೇ ಧನ್ಯವಾದ ಹೇಳಿ ಆಮೇಲೆ ಬಿಡುತ್ತೇನೆ ಎನ್ನುವುದು ವಾಡಿಕೆ, ನನಗದು ಸರಿ ಕಾಣುವುದಿಲ್ಲ. ಓದುವವರಿಗೆ ಮೊದಲು ಬೇಕಾದದ್ದು ಯಾವತ್ತಿನಿಂದ ನೀನಿಲ್ಲ ಎನ್ನುವುದು. ಅದು ಗೊತ್ತಾದ ಮೇಲೆ ಕೆಲಸ ಏನಾಗುತ್ತದೆ ಎನ್ನುವ ಚಿಂತೆ. ಅವೆರಡೂ ತೀರಿದ ಮೇಲೆ ಬರುವ ಧನ್ಯವಾದವನ್ನು ಅವರು ನಿಜವಾಗಿ ಓದುತ್ತಾರೆ. ಮತ್ತು ಆ ಧನ್ಯವಾದದಲ್ಲಿ ‘ತಮ್ಮ ಅಮೂಲ್ಯ ಮಾರ್ಗದರ್ಶನಕ್ಕೆ’ ಎಂಬ ಮಾತು ಬೇಕಿಲ್ಲ. ಕಲಿಸಿದ್ದನ್ನೇ ಬರೆದರೆ ಸಾಕು. ಇವಳು ಗಮನವಿಟ್ಟು ಕಲಿತಿದ್ದಾಳೆ ಎಂದು ಕಲಿಸಿದವರಿಗೆ ಅದರಿಂದಲೇ ಗೊತ್ತಾಗುತ್ತದೆ. ಸಂಬಳ ಕೊಡದ ಕಡೆ ಮೆಂಟರ್ ಕೊಟ್ಟ ಸಮಯವೇ ನಮಗೆ ಸಿಕ್ಕ ಸಂಬಳ, ಅದಕ್ಕೆ ರಸೀದಿ ಕೊಡುವುದು ನಮ್ಮ ಕರ್ತವ್ಯ.

ಸ್ಟೈಪೆಂಡ್ ಇಲ್ಲದ್ದು, ಬಸ್ಸಿನ ಖರ್ಚು, ಇವನ್ನು ಪತ್ರದಲ್ಲಿ ಎತ್ತಲಿಲ್ಲ. ಅವು ನಿಜವಾದ ಕಷ್ಟಗಳು. ಸಂಬಳವಿಲ್ಲದ ಇಂಟರ್ನ್‌ಶಿಪ್ ನಮ್ಮಂಥ ಮನೆಗಳ ಮೇಲೆ ಹೊರೆ ಎಂದೇ ನಾನು ಈಗಲೂ ಹೇಳುತ್ತೇನೆ, ನಮ್ಮ ಕಾರ್ಖಾನೆಯಲ್ಲಿ ಬಸ್ ಪಾಸಿನ ಹಣವನ್ನಾದರೂ ಕೊಡಿ ಎಂದು ಕೇಳುತ್ತಲೂ ಇರುತ್ತೇನೆ. ಆದರೆ ನಾನು ಬಿಡುತ್ತಿದ್ದ ಕಾರಣ ಅದಲ್ಲ. ಪತ್ರದಲ್ಲಿ ಎರಡು ಕಾರಣ ಬಂದರೆ ಓದುವವರು ಎರಡನೆಯದನ್ನೇ ನಿಜವೆಂದುಕೊಳ್ಳುತ್ತಾರೆ.

ಇನ್ನು 240 ಗಂಟೆ. ಇದು ನನ್ನ ಅಂದಾಜಲ್ಲ, ಗೇಟಿನ ರಿಜಿಸ್ಟರಿನಿಂದ ಬರೆದುಕೊಂಡು, ಉಳಿದಿದ್ದ ಎರಡು ದಿನ ಸೇರಿಸಿದ್ದು. ಸೆಪ್ಟೆಂಬರ್ 12ರಿಂದ ಅಕ್ಟೋಬರ್ 8ರವರೆಗೆ ಭಾನುವಾರ ಬಿಟ್ಟರೆ 24 ದಿನ. ಅದರಲ್ಲಿ ವಿಜಯದಶಮಿ ರಜೆ. ಹಿಂದಿನ ದಿನ ಆಯುಧಪೂಜೆಗೆ ಹೋಗಿದ್ದೆ, ಆದರೆ ಅಂದು ಮಷೀನುಗಳನ್ನು ತೊಳೆದು ಹೂವು ಏರಿಸಿದ್ದು ಬಿಟ್ಟರೆ ಪ್ರೊಡಕ್ಷನ್ ಇರಲಿಲ್ಲ, ಹಾಗಾಗಿ ಆ ದಿನವನ್ನೂ ಬಿಟ್ಟೆ. ಉಳಿದದ್ದು 22. ಆಮೇಲಿನ ನಾಲ್ಕು ವಾರದ ಶುಕ್ರವಾರ ಶನಿವಾರಗಳು ಎಂಟು. ಒಟ್ಟು 30 ದಿನ, ಊಟದ ಹೊತ್ತು ಬಿಟ್ಟು ದಿನಕ್ಕೆ ಎಂಟು ಗಂಟೆ. ಗಂಟೆಯನ್ನೇ ಬರೆಯಲು ಒಂದು ಕಾರಣವಿದೆ. ಎಐಸಿಟಿಇ ಮಾರ್ಗಸೂಚಿ ಇಂಟರ್ನ್‌ಶಿಪ್ಪಿನ ಒಂದು ಕ್ರೆಡಿಟ್ಟಿಗೆ 40ರಿಂದ 45 ಗಂಟೆಯ ಕೆಲಸ ಎಂದು ಲೆಕ್ಕ ಹಿಡಿಯುತ್ತದೆ. ‘ಎಂಟು ವಾರ’ ಎಂದು ಬರೆದಿದ್ದರೆ ಎಂಟೂ ವಾರ ದಿನಾ ಹೋದ ಅರ್ಥ ಬರುತ್ತಿತ್ತು, ಅದು ನಿಜವಲ್ಲ. ‘30 ದಿನ’ ಎಂದು ಮಾತ್ರ ಬರೆದಿದ್ದರೆ ಒಂದೇ ತಿಂಗಳು ಹೋದ ಹಾಗೆ ಕಾಣುತ್ತಿತ್ತು, ಅದೂ ನಿಜವಲ್ಲ. ಮೊದಲ ತಾರೀಖು, ಕೊನೆಯ ತಾರೀಖು, ಒಟ್ಟು ಗಂಟೆ, ಈ ಮೂರೂ ಇದ್ದರೆ ಯಾರು ಹೇಗೆ ಲೆಕ್ಕ ಹಾಕಿದರೂ ಸರಿ ಬರುತ್ತದೆ.

ಪತ್ರ ಕೊಟ್ಟ ಮೇಲೆ ಆದದ್ದು ಎಲ್ಲಕ್ಕಿಂತ ಮುಖ್ಯ. ಆಫೀಸಿನಲ್ಲಿ ಸರ್ಟಿಫಿಕೇಟಿನ ನಮೂನೆ ಕಂಪ್ಯೂಟರಿನಲ್ಲಿ ಸಿದ್ಧವಾಗಿತ್ತು. ಅದರಲ್ಲಿ ‘ಹನ್ನೆರಡು ವಾರಗಳ ಇಂಟರ್ನ್‌ಶಿಪ್ ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಅರ್ಥದ ಇಂಗ್ಲಿಷ್ ಸಾಲು, ಹೆಸರಿನ ಜಾಗ ಮಾತ್ರ ಖಾಲಿ. ಆಫೀಸಿನವರು ಒಳ್ಳೆಯ ಮನಸ್ಸಿನಿಂದಲೇ, “ಹುಡುಗಿ ಚೆನ್ನಾಗಿ ಕೆಲಸ ಮಾಡಿದ್ದಾಳೆ, ಹನ್ನೆರಡು ವಾರ ಅಂತಲೇ ಇರಲಿ ಬಿಡಿ, ಅವಳಿಗೂ ಅನುಕೂಲ” ಎಂದರು.

ನಾನು ಬೇಡವೆಂದೆ. ಕಾರಣ ನೀತಿಯದು ಮಾತ್ರವಲ್ಲ. ಆ ಸರ್ಟಿಫಿಕೇಟಿನ ಪ್ರಕಾರ ನವೆಂಬರ್ 11ರ ಶುಕ್ರವಾರ ನಾನು ಸತ್ಯಮಂಗಲದಲ್ಲಿ ಬೋರ್ ಅಳೆಯುತ್ತಿರುತ್ತೇನೆ. ಕಾಲೇಜಿನ ರಿಜಿಸ್ಟರಿನ ಪ್ರಕಾರ ಅದೇ ದಿನ ಟೆಸ್ಟ್ ಬರೆಯುತ್ತಿರುತ್ತೇನೆ. ಎರಡೂ ಕಾಗದ ನನ್ನ ಹೆಸರಿನವೇ. ಯಾವಾಗಲಾದರೂ ಯಾರಾದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಸುಳ್ಳಾಗುವುದು ನನ್ನೊಬ್ಬಳ ಕಾಗದವಲ್ಲ, ಸಹಿ ಹಾಕಿದ ಸರ್ ಮಾತೂ ಸುಳ್ಳಾಗುತ್ತದೆ. ಅವರು ಅನುಮಾನದ ಓದಿನ ಪಕ್ಕ ಕಾರಣ ಬರೆಯಲು ಹೇಳಿಕೊಟ್ಟವರು. ಅವರ ಕೈಯಿಂದ ಇಲ್ಲದ ಓದನ್ನು ಬರೆಸುವುದು ಹೇಗೆ?

ಸರ್ ನನ್ನ ವಿವರದ ಹಾಳೆ ನೋಡಿ ಅದನ್ನೇ ಟೈಪ್ ಮಾಡಲು ಹೇಳಿದರು. ಅದರಲ್ಲಿ ಏನೇನಿತ್ತು ಎಂದರೆ, ಕಾಲೇಜಿನ ದಾಖಲೆಯಲ್ಲಿರುವಂತೆ ಹೆಸರು ಮತ್ತು ಯುಎಸ್‌ಎನ್, ವಿಭಾಗ, ಎರಡು ತಾರೀಖು, ಒಟ್ಟು ಗಂಟೆ, ಮಾಡಿದ ಕೆಲಸ ಎರಡು ಸಾಲಿನಲ್ಲಿ, ನಡತೆಯ ಬಗ್ಗೆ ಸರ್ ಬರೆಯಲು ಒಂದು ಖಾಲಿ ಸಾಲು. ಕೆಲಸದ ಸಾಲಿನಲ್ಲಿ ‘ಕ್ವಾಲಿಟಿ ವಿಭಾಗದ ಚಟುವಟಿಕೆಗಳಲ್ಲಿ ಭಾಗವಹಿಸಿದರು’ ಎಂದು ಬರೆಯುವುದು ರೂಢಿ. ನಾನು ಬರೆದದ್ದು ‘25 ಎಚ್7 ಬೋರಿನ ತಪಾಸಣೆ, ಮತ್ತು ಟಿಪ್ ಸವೆತಕ್ಕೆ ಬೋರ್ ಅಳತೆ ಹೇಗೆ ಇಳಿಯುತ್ತದೆಂಬ ಅಧ್ಯಯನ, ಆರರಲ್ಲಿ ಐದು ಟಿಪ್ ಪೂರ್ಣ’. ಅರ್ಧ ಉಳಿದದ್ದನ್ನೂ ಬರೆದದ್ದರಿಂದ ಮುಗಿದ ಭಾಗಕ್ಕೆ ಬೆಲೆ ಬಂತು. ಲೆಟರ್‌ಹೆಡ್, ರೆಫರೆನ್ಸ್ ನಂಬರ್, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಸೀಲು, ಇವು ಇಲ್ಲದ ಸರ್ಟಿಫಿಕೇಟನ್ನು ಕಾಲೇಜುಗಳು ಹಿಂದಿರುಗಿಸುತ್ತವೆ. ರೆಫರೆನ್ಸ್ ನಂಬರ್ ಬಹಳ ಜನ ಮರೆಯುವಂಥದ್ದು. ಎರಡು ವರ್ಷದ ಮೇಲೆ ಯಾರಾದರೂ ಫೋನ್ ಮಾಡಿ ಕೇಳಿದರೆ ಕಂಪನಿಯ ಫೈಲಿನಲ್ಲಿ ಹುಡುಕಲು ಅದೊಂದೇ ದಾರಿ.

ಕೊನೆಯ ದಿನ ಐದನೆಯ ಟಿಪ್ ಮಧ್ಯಾಹ್ನ ಮೂರರ ಹೊತ್ತಿಗೆ ಮುಗಿಯಿತು. ಹೊಸ ಟಿಪ್ಪಿನಲ್ಲಿ 25.015ರಲ್ಲಿ ಶುರುವಾದ ಬೋರ್ 120ನೇ ಪೀಸಿನ ಆಸುಪಾಸಿನಲ್ಲಿ 25.005ಕ್ಕೆ ಇಳಿಯುತ್ತದೆ ಎನ್ನುವುದು ಐದರಲ್ಲೂ ಹೆಚ್ಚುಕಮ್ಮಿ ಹೊಂದಿಕೊಂಡಿತು. ನೂರನೇ ಪೀಸಿಗೆ ಆಫ್‌ಸೆಟ್ ಕೊಟ್ಟು ನೋಡಬಹುದು ಎಂದು ಬರೆದು, ಆರನೆಯ ಟಿಪ್ಪಿನಿಂದ ಖಾತ್ರಿಯಾಗಬೇಕು ಎಂದು ಕೆಳಗೆ ಸೇರಿಸಿದೆ. ಟ್ರೈನಿಗೆ ಹಾಳೆ ಕೊಟ್ಟು, ನನ್ನ ಮುಂದೆಯೇ ಹತ್ತು ಪೀಸು ಅಳೆಯಲು ಹೇಳಿದೆ. ಅವನ ಓದಿಗೂ ನನ್ನ ಓದಿಗೂ ಒಂದು ಮೈಕ್ರಾನಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ, ಹಾಳೆ ಅವನ ಕೈಯಲ್ಲಿ ಮುಂದುವರಿಯಬಹುದು ಎನ್ನುವ ಧೈರ್ಯ ಬಂತು. ಗೇಜುಗಳನ್ನು ಟೂಲ್ ಕ್ರಿಬ್ಬಿಗೆ ಒಪ್ಪಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೆ. ಫೋನಿನಲ್ಲಿ ಕೆಲಸಕ್ಕೆಂದು ತೆಗೆದುಕೊಂಡಿದ್ದ ಡ್ರಾಯಿಂಗಿನ ಫೋಟೊಗಳನ್ನು ಸರ್ ಮುಂದೆಯೇ ಅಳಿಸಿದೆ. ಡ್ರಾಯಿಂಗ್ ಆ ಮಷೀನ್ ಶಾಪಿನದೂ ಅಲ್ಲ, ಅವರಿಗೆ ಆರ್ಡರ್ ಕೊಟ್ಟ ಗಿರಾಕಿಯದು. ಇಂಟರ್ನ್‌ಗಳು ಪ್ರಾಜೆಕ್ಟ್ ರಿಪೋರ್ಟಿಗೆ ಅಂಥ ಡ್ರಾಯಿಂಗನ್ನೇ ಅಂಟಿಸುತ್ತಾರೆ, ಅದು ಕಂಪನಿಗೆ ದೊಡ್ಡ ತೊಂದರೆ ತರಬಹುದು. ನನ್ನ ರಿಪೋರ್ಟಿನಲ್ಲಿ ಬೋರಿನ ಅಳತೆಯೊಂದನ್ನೇ ಕೈಯಲ್ಲಿ ಬರೆದ ಚಿತ್ರವಾಗಿ ಹಾಕಿದೆ, ಅದಕ್ಕೂ ಸರ್ ಒಪ್ಪಿಗೆ ಪಡೆದು.

ಸರ್ಟಿಫಿಕೇಟ್ ಅಂದೇ ಸಂಜೆ ಕೈಗೆ ಬಂತು. ಓದು ಮುಗಿದ ಮೇಲೆ ಈಗಿನ ಕೆಲಸಕ್ಕೆ ಇಂಟರ್‌ವ್ಯೂಗೆ ಹೋದಾಗ ಅದನ್ನು ನೋಡಿದವರು ಕೇಳಿದ ಮೊದಲ ಪ್ರಶ್ನೆ, ‘ಆರರಲ್ಲಿ ಐದು ಏಕೆ?’ ಉತ್ತರಕ್ಕೆ ಲ್ಯಾಬಿನ ಲೆಕ್ಕ ಹೇಳಿದೆ, ಆಮೇಲೆ ಹದಿನೈದು ನಿಮಿಷ ಮಾತು ಟಿಪ್ಪಿನ ಸವೆತದ ಮೇಲೇ ನಡೆಯಿತು.

ಈಗ ನಮ್ಮಲ್ಲಿಗೆ ಬರುವ ಇಂಟರ್ನ್‌ಗಳಿಗೆ ಮೊದಲ ದಿನವೇ ಒಂದು ಹಾಜರಿ ಹಾಳೆ ಕೊಡುತ್ತೇನೆ, ವಾರಕ್ಕೊಮ್ಮೆ ನನ್ನ ಸಹಿ ಅದರ ಮೇಲೆ ಬೀಳುತ್ತದೆ. ಅರ್ಧದಲ್ಲಿ ಬಿಡಬೇಕಾಗಿ ಬಂದರೆ ಗಂಟೆ ಕೂಡಿಸಲು ಯಾರೂ ಗೇಟಿನ ರಿಜಿಸ್ಟರ್ ತಿರುವಬೇಕಿಲ್ಲ. ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು: ನಿಮ್ಮ ಹಾಜರಿಯ ಲೆಕ್ಕದಿಂದ ಕೊನೆಯ ದಿನ ಗೊತ್ತು ಮಾಡಿಕೊಳ್ಳಿ, ಒಂದು ವಾರ ಮುಂಚೆ ಬಾಯಲ್ಲಿ ಹೇಳಿ, ಮರುದಿನ ಬರೆದು ಕೊಡಿ, ಮಾಡಿದಷ್ಟಕ್ಕೇ ಸರ್ಟಿಫಿಕೇಟ್ ಕೇಳಿ. ಇನ್ನು ಸತ್ಯಮಂಗಲ, ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದಲ್ಲಿ ಸೀಲು ಕೈಯಲ್ಲಿಟ್ಟುಕೊಂಡು ಕೂತವರಿಗೆ ನನ್ನದೊಂದು ವಿನಂತಿ. ಸಂಬಳ ಪಡೆಯದೆ ದುಡಿದ ಹುಡುಗಿ ಕೊನೆಯ ದಿನ ಗೇಟು ದಾಟುವ ಮೊದಲೇ ಅವಳ ಕಾಗದ ಅವಳ ಕೈಗಿಡಿ. ಅದಕ್ಕಾಗಿ ಅವಳನ್ನು ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ಮತ್ತೊಮ್ಮೆ ಬಸ್ಸು ಹತ್ತಿಸಬೇಡಿ.